ಮಾತಿಲ್ಲದ ಆನಿಮೇಷನ್ ಕಿರುಚಿತ್ರಕ್ಕೆ ಫೋಲಿ, ಆಂಬಿಯನ್ಸ್, ಸಂಗೀತ: ಡಕಿಂಗ್ ಎಲ್ಲಿ, ಎಷ್ಟು, ಹೇಗೆ

ಮಾತಿಲ್ಲದ ಆನಿಮೇಷನ್‌ಗೆ ಸೌಂಡ್ ಮಾಡುವ ಹೊಸಬರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಫೋಲಿ, ಅಂದರೆ ಚಿತ್ರ ನೋಡುತ್ತಾ ಕೈಯಾರೆ ಮಾಡಿ ರೆಕಾರ್ಡ್ ಮಾಡಿದ ಸದ್ದುಗಳ ಟ್ರ್ಯಾಕ್‌ಗಳನ್ನೆಲ್ಲ ಒಂದು ಬಸ್‌ಗೆ ಸೇರಿಸುತ್ತಾರೆ, ಆ ಬಸ್ಸನ್ನೇ ಸಂಗೀತದ ಮೇಲಿನ ಕಂಪ್ರೆಸರ್‌ಗೆ ಸೈಡ್‌ಚೈನ್ ಮಾಡಿಬಿಡುತ್ತಾರೆ, ಅಂದರೆ ಬಸ್ಸಿನಲ್ಲಿ ಸದ್ದು ಬಂದಾಗೆಲ್ಲ ಕಂಪ್ರೆಸರ್ ಸಂಗೀತವನ್ನು ತಗ್ಗಿಸುತ್ತದೆ. ಹೀಗೆ ಇನ್ನೊಂದು ಸದ್ದಿಗಾಗಿ ಸಂಗೀತ ತಗ್ಗುವುದೇ ಡಕಿಂಗ್. ಮಾತಿರುವ ವಿಡಿಯೊದಲ್ಲಿ ಇದು ಸರಿಯಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಮಾತು ಒಂದಷ್ಟು ಹೊತ್ತು ಹರಿಯುತ್ತದೆ, ಅಷ್ಟು ಹೊತ್ತೂ ಸಂಗೀತ ತಗ್ಗಿ ಕೂತಿರುತ್ತದೆ. ಫೋಲಿ ಹಾಗಲ್ಲ. ಹೆಜ್ಜೆ, ಬಟ್ಟೆ ಸರಿದ ಸದ್ದು, ಲೋಟ ಇಟ್ಟ ಸದ್ದು ಎಲ್ಲವೂ ತುಂಡು ತುಂಡು. ಪ್ರತಿ ತುಂಡಿಗೂ ಸಂಗೀತ ಕುಗ್ಗುತ್ತದೆ, ಏಳುತ್ತದೆ, ಮತ್ತೆ ಕುಗ್ಗುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದೇ ಇರಬಹುದು, ಆದರೆ ಭಾವ ಮಾತ್ರ ಕಟ್ಟಿಕೊಳ್ಳುವುದಿಲ್ಲ.

ಮಾತಿಲ್ಲದ ಚಿತ್ರದಲ್ಲಿ ಈ ಕ್ಷಣ ಯಾವ ಸದ್ದು ಮಾತಾಡಬೇಕು ಅನ್ನೋದನ್ನ ನೀವೇ ಆರಿಸಬೇಕು. ಆರಿಸಿದ ಆ ನಾಲ್ಕಾರು ಸದ್ದುಗಳಿಗೆ ಮಾತ್ರ ಸಂಗೀತ ಬಗ್ಗಬೇಕು. ಅದನ್ನು ಮಾಡುವ ಕ್ರಮ ಕೆಳಗಿದೆ.

ಉದಾಹರಣೆಗೆ ಒಂದೂವರೆ ನಿಮಿಷದ ಒಂದು ದೃಶ್ಯ ಇಟ್ಟುಕೊಳ್ಳೋಣ. ಸಣ್ಣ ಊರಿನ ಟೈಲರ್ ಅಂಗಡಿ. ವಯಸ್ಸಾದ ಟೈಲರ್ ಪೆಡಲ್ ಮಷೀನಿನಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಾನೆ. ಸುಮಾರು 38ನೇ ಸೆಕೆಂಡಿನಲ್ಲಿ ಬಟ್ಟೆ ರಾಶಿಯಿಂದ ಹಳೇ ಪುಟ್ಟ ಫ್ರಾಕ್ ಒಂದು ಕೈಗೆ ಸಿಗುತ್ತದೆ. ಅವನ ಮಗಳದ್ದು. 41ಕ್ಕೆ ಮಷೀನ್ ನಿಲ್ಲುತ್ತದೆ. 52ಕ್ಕೆ ಫ್ರಾಕಿನ ಸಡಿಲ ಗುಂಡಿ ನೆಲಕ್ಕೆ ಬೀಳುತ್ತದೆ. ಆಮೇಲೆ ಅವನು ಗುಂಡಿ ಎತ್ತಿಕೊಂಡು ಫ್ರಾಕ್ ಮಡಿಸುತ್ತಾನೆ, 70ರ ಹೊತ್ತಿಗೆ ಮತ್ತೆ ಮಷೀನ್ ತುಳಿಯಲು ಶುರು ಮಾಡುತ್ತಾನೆ, ಈಗ ನಿಧಾನವಾಗಿ.

## ಬೇಕಾದ ಸಾಮಾನು

ಇಲ್ಲಿ ರೀಪರ್ ಇಟ್ಟುಕೊಂಡು ಹೇಳುತ್ತೇನೆ. 60 ದಿನ ಉಚಿತವಾಗಿ ಬಳಸಿ ನೋಡಬಹುದು, ಬೇಕಾದ ಕಂಪ್ರೆಸರ್ ಅದರೊಳಗೇ ಇದೆ. ಡಾವಿಂಚಿ ರಿಸಾಲ್ವ್‌ನಲ್ಲೇ ಮಾಡುವವರಿಗೆ ಫೇರ್‌ಲೈಟ್ ಪುಟದ ಡೈನಾಮಿಕ್ಸ್‌ನಲ್ಲಿ ಒಂದು ಟ್ರ್ಯಾಕ್‌ಗೆ `Send`, ಇನ್ನೊಂದಕ್ಕೆ `Listen` ಒತ್ತಿದರೆ ಇದೇ ಕೆಲಸ ಆಗುತ್ತದೆ. ಜೊತೆಗೆ ಒಂದು ಕಂಡೆನ್ಸರ್ ಮೈಕ್ ಅಥವಾ ಕೈಯಲ್ಲಿ ಹಿಡಿಯುವ ರೆಕಾರ್ಡರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಎರಡು ದಪ್ಪ ಕಂಬಳಿ ಬೇಕು.

ಪ್ರಾಜೆಕ್ಟನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡಿ. ಫ್ರೇಮ್ ರೇಟ್ ಆನಿಮೇಟರ್ ಕೊಟ್ಟ ವಿಡಿಯೊದ್ದೇ ಇರಲಿ, ಸಾಮಾನ್ಯವಾಗಿ 24. ಎಡಿಟ್ ಲಾಕ್ ಆಗುವ ತನಕ ಫೋಲಿ ಮುಟ್ಟಬೇಡಿ. ಮಧ್ಯೆ ಒಂದು ಶಾಟ್ ಎಂಟು ಫ್ರೇಮ್ ಕಮ್ಮಿಯಾದರೂ ಅಲ್ಲಿಂದ ಮುಂದಿನದೆಲ್ಲ ಜರುಗುತ್ತದೆ.

## 1. ಮೊದಲು ಸದ್ದಿಲ್ಲದೆ ನೋಡಿ, ಮಾತಾಡುವ ಸದ್ದನ್ನು ಆರಿಸಿ

ವಿಡಿಯೊವನ್ನು ಸದ್ದಿಲ್ಲದೆ ಹಾಕಿ ಪ್ರತಿ ಶಾಟ್‌ಗೂ ಒಂದು ಸಾಲು ಬರೆಯಿರಿ: ಇಲ್ಲಿ ನೋಡುವವರ ಕಿವಿ ಯಾವುದರ ಮೇಲಿರಬೇಕು? ಒಂದು ಶಾಟ್‌ಗೆ ಒಂದೇ ಉತ್ತರ. ಎರಡು ಬರೆದರೆ ನೀವಿನ್ನೂ ತೀರ್ಮಾನ ಮಾಡಿಲ್ಲ ಎಂದರ್ಥ.

ನಮ್ಮ ದೃಶ್ಯದಲ್ಲಿ ಮೊದಲ 38 ಸೆಕೆಂಡ್ ಮಷೀನಿನದ್ದು. ಫ್ರಾಕ್ ಸಿಕ್ಕಾಗ ಬಟ್ಟೆಯದ್ದು. 41ರಿಂದ 52ರವರೆಗೆ ಯಾವುದರದ್ದೂ ಅಲ್ಲ, ಮಷೀನ್ ಇಲ್ಲದಿರುವುದೇ ಅಲ್ಲಿ ಕೇಳಬೇಕು. 52ಕ್ಕೆ ಗುಂಡಿ. ಆಮೇಲೆ ಸಂಗೀತ, ನಡುವೆ ಗುಂಡಿ ಎತ್ತುವಾಗ, ಫ್ರಾಕ್ ಮಡಿಸುವಾಗ ಮಾತ್ರ ಆ ಸದ್ದುಗಳದ್ದು. 70ರ ನಂತರ ಸಂಗೀತವೂ ಮಷೀನೂ ಒಟ್ಟಿಗೆ, ಆದರೆ ಮುಂದೆ ಇರುವುದು ಮಷೀನೇ.

ಈ ಹಾಳೆಯನ್ನು ಕೊನೆಯವರೆಗೂ ಎದುರಿಗೇ ಇಟ್ಟುಕೊಳ್ಳಿ. ಮುಂದಿನ ಲೆವೆಲ್‌ಗಳೂ ಡಕಿಂಗೂ ಇದರ ಪ್ರಕಾರವೇ ನಡೆಯುತ್ತವೆ.

## 2. ಫೋಲಿ: ಹೆಜ್ಜೆ, ಬಟ್ಟೆ, ವಸ್ತು

ಮೂರನ್ನೂ ಬೇರೆ ಬೇರೆ ಸಲ, ಬೇರೆ ಬೇರೆ ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿ. ಮೊದಲು ಕಾಲಿನ ಸದ್ದು, ಆಮೇಲೆ ಬಟ್ಟೆ, ಕೊನೆಗೆ ವಸ್ತುಗಳು. ಬಟ್ಟೆಯ ಸದ್ದನ್ನು ಬಿಟ್ಟುಬಿಡುವವರೇ ಜಾಸ್ತಿ. ಕ್ಯಾಮೆರಾದಲ್ಲಿ ತೆಗೆದ ಚಿತ್ರಕ್ಕೆ ಶೂಟಿಂಗ್ ಜಾಗದ ಸದ್ದು ಸ್ವಲ್ಪವಾದರೂ ಇರುತ್ತದೆ, ಆನಿಮೇಷನ್‌ಗೆ ಅದೂ ಇಲ್ಲ. ಹಾಗಾಗಿ ಪಾತ್ರ ಕೈ ಎತ್ತಿದಾಗ, ಬಗ್ಗಿದಾಗ ಒಂದು ಹತ್ತಿ ಶರ್ಟನ್ನು ಮೈಕ್ ಹತ್ತಿರ ಅದೇ ವೇಗದಲ್ಲಿ ಸವರಿ ತೆಗೆದ ಸದ್ದು ಬೇಕೇ ಬೇಕು. ಅದು ಎದ್ದು ಕೇಳಿಸಬಾರದು, ಆದರೆ ಆಫ್ ಮಾಡಿದ ಕೂಡಲೇ ಪಾತ್ರಕ್ಕೆ ಮೈಯೇ ಇಲ್ಲ ಅನ್ನಿಸಬೇಕು.

ರಾತ್ರಿ ರೆಕಾರ್ಡ್ ಮಾಡಿ. ಫ್ಯಾನ್, ಫ್ರಿಜ್ ಆಫ್ ಇರಲಿ. ಮೈಕ್‌ನ ಹಿಂದೆ ಒಂದು ಕಂಬಳಿ, ನಿಮ್ಮ ಹಿಂದೆ ಇನ್ನೊಂದು. ಮೈಕ್ ಎರಡು ಅಡಿ ದೂರವಿರಲಿ, ಅತಿ ಜೋರಿನ ಸದ್ದು ಮೀಟರ್‌ನಲ್ಲಿ -12 ಡಿಬಿ ಹತ್ತಿರ ಬಂದರೆ ಸಾಕು.

ಪೆಡಲ್ ಮಷೀನನ್ನು ಒಂದೇ ಸದ್ದು ಅಂದುಕೊಳ್ಳಬೇಡಿ. ಪೆಡಲಿನ ಕಿರಕಿರ, ಚಕ್ರ ಮತ್ತು ಬೆಲ್ಟಿನ ಸುಯ್, ಸೂಜಿಯ ಟಕಟಕ ಮೂರನ್ನೂ ಹತ್ತಿರದಿಂದ ಬೇರೆ ಬೇರೆ ತೆಗೆಯಿರಿ. ಆಮೇಲೆ ಇದರ ಲಾಭ ಗೊತ್ತಾಗುತ್ತದೆ: 41ನೇ ಸೆಕೆಂಡಿನಲ್ಲಿ ಸೂಜಿ ಮೊದಲು ನಿಲ್ಲಲಿ, ಚಕ್ರ ಅರ್ಧ ಸೆಕೆಂಡ್ ತಾನಾಗಿ ತಿರುಗಿ ನಿಲ್ಲಲಿ, ಕೊನೆಗೆ ಪೆಡಲ್ ಒಮ್ಮೆ ಕಿರ್ ಅನ್ನಲಿ. ಕೈ ನಿಂತರೂ ಮಷೀನಿಗೆ ಇನ್ನೂ ಗೊತ್ತಾಗಿಲ್ಲ ಅನ್ನುವ ಆ ಅರ್ಧ ಸೆಕೆಂಡ್ ಮಾಡುವ ಕೆಲಸವನ್ನು ಪಿಟೀಲು ಮಾಡಲಾರದು.

ಸಿಂಕ್ ಹೊಂದಿಸುವಾಗ ಒಂದು ವಿಷಯ ನೆನಪಿರಲಿ. 24 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಸದ್ದು ಚಿತ್ರಕ್ಕಿಂತ ಒಂದು ಫ್ರೇಮ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ, ಮುಂಚೆ ಬಂದರೆ ಸುಳ್ಳು ಅನ್ನಿಸುತ್ತದೆ. ಅನುಮಾನ ಬಂದಾಗ ತಡ ಮಾಡಿ, ಮುಂಚೆ ಇಡಬೇಡಿ.

ಎಚ್ಚರಿಕೆಯ ಗುರುತು: ಫೋಲಿ ಮಾತ್ರ ಹಾಕಿ ಕೇಳಿದಾಗ ಎಲ್ಲ ಸದ್ದೂ ಒಂದೇ ದೂರದಿಂದ ಬಂದಂತಿದ್ದರೆ ಮುಂದೆ ಹೋಗಬೇಡಿ. ದೂರದ ಶಾಟ್‌ನಲ್ಲಿ ಬರೀ ವಾಲ್ಯೂಮ್ ಇಳಿಸಿದರೆ ಸಾಲದು. ಮೇಲಿನ ಸ್ವರಗಳನ್ನು, ಅಂದರೆ 6 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು, ಸ್ವಲ್ಪ ತಗ್ಗಿಸಿ. ಆ ಅಂಗಡಿಯಷ್ಟೇ ಸಣ್ಣ ಕೋಣೆಯ ರಿವರ್ಬ್ ತುಸು ಸೇರಿಸಿ.

## 3. ಆಂಬಿಯನ್ಸ್: ಹಾಸು ಬೇರೆ, ಬಿಡಿ ಸದ್ದು ಬೇರೆ

ಎರಡು ಟ್ರ್ಯಾಕ್ ಮಾಡಿ. ಒಂದರಲ್ಲಿ ಹಾಸು: ಅಂಗಡಿಯೊಳಗಿನ ಗಾಳಿ, ದೂರದ ರಸ್ತೆ. ಇನ್ನೊಂದರಲ್ಲಿ ಬಿಡಿ ಸದ್ದು: ಕಾಗೆ, ಸೈಕಲ್ ಬೆಲ್, ಪಕ್ಕದ ಮನೆಯ ಕುಕ್ಕರ್ ಕೂಗು.

ಹಾಸಿನ ರೆಕಾರ್ಡಿಂಗ್ ಕನಿಷ್ಠ ದೃಶ್ಯದಷ್ಟು ಉದ್ದ ಇರಲಿ. ಲೂಪ್ ಮಾಡಲೇಬೇಕಾದರೆ ಅದರಲ್ಲಿ ಗುರುತು ಸಿಗುವ ಸದ್ದೆಲ್ಲ ಮೊದಲು ಕತ್ತರಿಸಿ, ಸೇರುವ ಜಾಗದಲ್ಲಿ ಮೂರ್ನಾಲ್ಕು ಸೆಕೆಂಡಿನ ಕ್ರಾಸ್‌ಫೇಡ್ ಕೊಡಿ. ಅದೇ ಹಾರ್ನ್ ಎರಡನೇ ಸಲ ಬಂದರೆ ನೋಡುವವರು ಕತೆಯಿಂದ ಹೊರಗೆ ಬಂದುಬಿಡುತ್ತಾರೆ.

ಹಾಸು ಶುರುವಿಗೆ ಮಷೀನಿನ ಸದ್ದಿಗಿಂತ 18ರಿಂದ 20 ಡಿಬಿ ಕೆಳಗಿರಲಿ, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಶಾಟ್ ಬದಲಾದಾಗೆಲ್ಲ ಹಾಸನ್ನೂ ಬದಲಾಯಿಸಬೇಡಿ. ಜಾಗ ಅದೇ ಇರುವಾಗ ಹಾಸು ಕಟ್‌ಗಳ ಮೇಲೆ ನಿಲ್ಲದೆ ಹರಿಯಬೇಕು.

ಬಿಡಿ ಸದ್ದುಗಳ ಜಾಗ ನಿಮ್ಮ ಹಾಳೆ ನೋಡಿ ಆರಿಸಿ. ಮೊದಲ 38 ಸೆಕೆಂಡಿನಲ್ಲಿ ಸೈಕಲ್ ಬೆಲ್, ಕುಕ್ಕರ್ ಎಲ್ಲ ಬರಲಿ, ಹೊರಗಿನ ಜಗತ್ತು ನಡೀತಾ ಇದೆ ಅನ್ನೋದು ಗೊತ್ತಾಗಲಿ. 41ರಿಂದ 52ರ ನಡುವೆ ಒಂದೇ ಒಂದು, ತೀರಾ ದೂರದ್ದು. ನಾನಾದರೆ ಅಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆಯನ್ನು ಅರ್ಥವಾಗದಷ್ಟು ದೂರದಲ್ಲಿ ಇಡುತ್ತೇನೆ. ಮಗಳ ಫ್ರಾಕ್ ಕೈಯಲ್ಲಿದೆ, ಬೇರೆ ಮಕ್ಕಳು ಹೊರಗೆ ಹೋಗುತ್ತಿದ್ದಾರೆ, ಇಷ್ಟು ಸಾಕಲ್ವಾ?

## 4. ಸಂಗೀತ: ಒಂದೇ ಫೈಲ್ ತಗೋಬೇಡಿ

ಸಂಗೀತ ಮಾಡಿದವರಿಂದ ಸ್ಟೆಮ್‌ಗಳನ್ನು ಕೇಳಿ ತೆಗೆದುಕೊಳ್ಳಿ: ತಂಬೂರಿಯ ಶ್ರುತಿ ಒಂದು ಫೈಲ್, ಕೊಳಲಿನ ರಾಗ ಇನ್ನೊಂದು, ತಾಳವಿದ್ದರೆ ಮೂರನೆಯದು. ಎಲ್ಲ ಬೆರೆಸಿದ ಒಂದೇ ಫೈಲಿದ್ದರೆ ಡಕ್ ಮಾಡಿದಾಗ ಇಡೀ ಸಂಗೀತ ಮುಳುಗುತ್ತದೆ. ಸ್ಟೆಮ್ ಇದ್ದರೆ ಕೊಳಲು ಮಾತ್ರ ತಗ್ಗುತ್ತದೆ, ಶ್ರುತಿ ನಿಂತಲ್ಲೇ ನಿಂತಿರುತ್ತದೆ. ಕೇಳುವವರಿಗೆ ಯಾರೋ ಫೇಡರ್ ಇಳಿಸಿದ್ದು ತಿಳಿಯುವುದಿಲ್ಲ, ವಾದಕರೇ ತಡೆದು ನುಡಿಸಿದಂತೆ ಕೇಳುತ್ತದೆ.

ಸಂಗೀತ ಎಲ್ಲಿ ಶುರುವಾಗಬೇಕು? ಫ್ರಾಕ್ ಕಂಡ ಕೂಡಲೇ ಬೇಡ. ಅಲ್ಲಿ ಸಂಗೀತ ಬಂದರೆ ನೋಡುವವರಿಗೆ ಅನ್ನಿಸುವ ಮೊದಲೇ ಅಳಿ ಅಂತ ಹೇಳಿದಂತಾಗುತ್ತದೆ. ಗುಂಡಿ ಬಿದ್ದು, ಉರುಳಿ, ನಿಂತ ಮೇಲೆ, ಸುಮಾರು 56ನೇ ಸೆಕೆಂಡಿಗೆ ಶ್ರುತಿ ಬರಲಿ. ಕೊಳಲು ಇನ್ನೂ ನಾಲ್ಕು ಸೆಕೆಂಡ್ ಕಾಯಲಿ.

ಎರಡು ತೊಂದರೆಗಳನ್ನು ಇಲ್ಲೇ ನೋಡಿಕೊಳ್ಳಿ. ಮಷೀನಿಗೆ ತನ್ನದೇ ಲಯ ಇದೆ, ತಾಳದ ಸ್ಟೆಮ್ ಅದಕ್ಕೆ ಹತ್ತಿರದ, ಆದರೆ ಅದೇ ಅಲ್ಲದ ವೇಗದಲ್ಲಿದ್ದರೆ ಎರಡೂ ಜಗಳವಾಡುತ್ತವೆ, ಯಾವ ಡಕಿಂಗೂ ಅದನ್ನು ಬಿಡಿಸಲಾರದು. 70ರ ನಂತರದ ಭಾಗದಲ್ಲಿ ತಾಳ ತೆಗೆದುಬಿಡಿ, ಮಷೀನೇ ತಾಳ ಆಗಲಿ. ಇನ್ನೊಂದು, ಆಂಬಿಯನ್ಸ್‌ನಲ್ಲಿ ಟ್ಯೂಬ್‌ಲೈಟ್ ಅಥವಾ ಫ್ಯಾನಿನ ಗುಂಯ್ ಇದ್ದರೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಆ ಗುಂಯ್ ಹೆಚ್ಚಾಗಿ 100 ಹರ್ಟ್ಸ್‌ನಲ್ಲಿ ಕೂರುತ್ತದೆ. ಅದು ಪಿಯಾನೊದ ಎರಡು ಪಕ್ಕಪಕ್ಕದ ಮನೆಗಳ, ಅಂದರೆ 98 ಮತ್ತು 103.8 ಹರ್ಟ್ಸ್‌ಗಳ, ನಡುವಿನ ಜಾಗ. ನಿಮ್ಮ ಶ್ರುತಿ ಅದರ ಸುತ್ತಮುತ್ತ ಇದ್ದರೆ ತಂಬೂರಿಯೇ ಅಪಶ್ರುತಿ ಅನ್ನಿಸುತ್ತದೆ. ಆಂಬಿಯನ್ಸ್‌ನಲ್ಲಿ 100 ಹರ್ಟ್ಸನ್ನು ಕಿರಿದಾಗಿ ಕತ್ತರಿಸಿದರೆ ಸರಿಹೋಗುತ್ತದೆ.

## 5. ಕೀ ಟ್ರ್ಯಾಕ್: ಯಾರೂ ಕೇಳದ ಟ್ರ್ಯಾಕ್

ಮುಖ್ಯವಾದದ್ದು ಇದೇ, ನಿಧಾನವಾಗಿ ಮಾಡಿ. ಕಂಪ್ರೆಸರ್‌ಗೆ ಫೋಲಿ ಬಸ್ ಕೊಡುವ ಬದಲು, ಅದಕ್ಕೆಂದೇ ಒಂದು ಪ್ರತ್ಯೇಕ ಟ್ರ್ಯಾಕ್ ಮಾಡಿ ಕೊಡುತ್ತೇವೆ. ಆ ಟ್ರ್ಯಾಕ್‌ನಲ್ಲಿ ಫೋಲಿ ಇರುವುದಿಲ್ಲ, ಬರೀ ಟೋನಿನ ತುಂಡುಗಳಿರುತ್ತವೆ.

ಅಡಾಸಿಟಿಯಲ್ಲಿ `Generate` ಮೆನುವಿನ `Tone` ತೆಗೆದು 1000 ಹರ್ಟ್ಸ್, `Amplitude` 0.25, ಉದ್ದ 10 ಸೆಕೆಂಡ್ ಕೊಟ್ಟು ಒಂದು ಫೈಲ್ ಮಾಡಿ. 0.25 ಅಂದರೆ ಸುಮಾರು -12 ಡಿಬಿ. ರೀಪರ್‌ನಲ್ಲಿ ‘ಕೀ’ ಅಂತ ಒಂದು ಟ್ರ್ಯಾಕ್ ಮಾಡಿ ಅಲ್ಲಿಗೆ ತನ್ನಿ. ಅದರ ರೂಟಿಂಗ್ ಕಿಟಕಿಯಲ್ಲಿ `Master send` ಗುರುತು ತೆಗೆಯಿರಿ, ಇಲ್ಲದಿದ್ದರೆ ಬೀಪ್ ಕಿವಿಗೆ ಬೀಳುತ್ತದೆ. ಟ್ರ್ಯಾಕನ್ನು ಮ್ಯೂಟ್ ಮಾಡಬೇಡಿ, ಮ್ಯೂಟ್ ಮಾಡಿದರೆ ಸೆಂಡ್ ಕೂಡ ನಿಲ್ಲುತ್ತದೆ.

ಈಗ ಹಾಳೆ ತೆಗೆದು, ಸಂಗೀತ ಇರುವ ಭಾಗದಲ್ಲಿ ಮಾತಾಡಬೇಕಾದ ಸದ್ದುಗಳ ಕೆಳಗೆ ಮಾತ್ರ ಒಂದೊಂದು ಟೋನ್ ತುಂಡು ಇಡಿ. ನಮ್ಮ ದೃಶ್ಯದಲ್ಲಿ ಅಂಥವು ಮೂರೇ: ಅವನು ಗುಂಡಿಯನ್ನು ಎತ್ತಿಕೊಳ್ಳುವುದು, ಫ್ರಾಕ್ ಮಡಿಸುವುದು, ಮತ್ತು ಮಷೀನಿನ ಮೊದಲ ತುಳಿತ. ಹೆಜ್ಜೆಗಳಿಗೆ ಬೇಡ, ಉಸಿರಿಗೂ ಬೇಡ.

ಪ್ರತಿ ತುಂಡನ್ನೂ ಅದರ ಫೋಲಿ ಸದ್ದಿಗಿಂತ 300 ಮಿಲಿಸೆಕೆಂಡ್ ಮುಂಚೆ ಶುರು ಮಾಡಿ. ಸದ್ದು ಬಂದ ಮೇಲೆ ಸಂಗೀತ ತಗ್ಗಿದರೆ ಅದು ಬೆಚ್ಚಿದಂತೆ ಕೇಳುತ್ತದೆ. ಸದ್ದಿಗೆ ಮೊದಲೇ ಮೆಲ್ಲಗೆ ಜಾಗ ಬಿಟ್ಟರೆ ಕಿವಿ ತಾನಾಗಿ ಆ ಕಡೆ ವಾಲಿರುತ್ತದೆ. ಫೋಲಿ ಬಸ್ಸನ್ನೇ ಕೊಟ್ಟಿದ್ದರೆ ಇದಕ್ಕೆ ಅವಕಾಶವೇ ಇರುತ್ತಿರಲಿಲ್ಲ. ತುಂಡಿನ ಉದ್ದವನ್ನೂ ನೀವೇ ಇಡುತ್ತೀರಿ: ಗುಂಡಿ ಎತ್ತುವ ಸದ್ದು ಕಾಲು ಸೆಕೆಂಡ್ ಇದ್ದರೂ ತುಂಡು ಒಂದು ಸೆಕೆಂಡ್ ಇರಲಿ.

## 6. ಕಂಪ್ರೆಸರ್ ಜೋಡಿಸುವುದು

ಕೊಳಲಿನ ಟ್ರ್ಯಾಕಿನ ರೂಟಿಂಗ್‌ನಲ್ಲಿ `Track channels` 4 ಮಾಡಿ. ಕೀ ಟ್ರ್ಯಾಕಿನಿಂದ ಕೊಳಲಿಗೆ ಒಂದು ಸೆಂಡ್ ಕೊಟ್ಟು, ಅದರ ಗುರಿಯನ್ನು 1/2 ಬದಲು `3/4` ಮಾಡಿ. ಇದನ್ನು ಮರೆತರೆ ಬೀಪ್ ನೇರವಾಗಿ ಸಂಗೀತದೊಳಗೆ ಬೆರೆಯುತ್ತದೆ. ನಂತರ ಕೊಳಲಿನ ಮೇಲೆ `ReaComp` ಹಾಕಿ ಹೀಗೆ ಇಡಿ:

```
Detector input : Auxiliary Input L+R
Ratio          : 2:1
Knee size      : 0 dB
Attack         : 150 ms
Release        : 900 ms
Auto make-up   : off
```

`Threshold` ಮಾತ್ರ ಈಗ ಹೊಂದಿಸಬೇಕು. ಒಂದು ಟೋನ್ ತುಂಡು ಸಾಕಷ್ಟು ಉದ್ದವಾಗಿ ಓಡುವಾಗ ಕೆಂಪು ಮೀಟರ್ 6 ಡಿಬಿ ಇಳಿಕೆ ತೋರಿಸುವ ತನಕ ಅದನ್ನು ಸರಿಸಿ, ಆಮೇಲೆ ಮುಟ್ಟಬೇಡಿ. ಇನ್ನು ಮುಂದೆ ಆಳವನ್ನು ತುಂಡಿನ ವಾಲ್ಯೂಮಿನಿಂದಲೇ ನಿಯಂತ್ರಿಸಬಹುದು. ಅನುಪಾತ 2:1 ಆದ್ದರಿಂದ ಮಿತಿಯಿಂದ ಎಷ್ಟು ಮೇಲಿದೆಯೋ ಅದರ ಅರ್ಧ ಇಳಿಯುತ್ತದೆ. ತುಂಡನ್ನು 6 ಡಿಬಿ ಕಮ್ಮಿ ಮಾಡಿದರೆ ಕೊಳಲು 6ರ ಬದಲು 3 ಡಿಬಿ ಮಾತ್ರ ತಗ್ಗುತ್ತದೆ. ನಮ್ಮಲ್ಲಿ ಗುಂಡಿ ಎತ್ತುವುದಕ್ಕೆ 6, ಫ್ರಾಕ್ ಮಡಿಸುವುದಕ್ಕೆ 3, ಮಷೀನಿನ ಮೊದಲ ತುಳಿತಕ್ಕೆ 5 ಡಿಬಿ ಸಾಕು.

ಶ್ರುತಿಯ ಟ್ರ್ಯಾಕಿಗೆ ಈ ಕಂಪ್ರೆಸರ್ ಬೇಡ.

ಆಂಬಿಯನ್ಸ್ ಹಾಸಿಗೆ ಇನ್ನೊಂದು ಹಾಕಿ, ಅದಕ್ಕೆ ಕೀ ಆಗಿ ಸಂಗೀತದ ಬಸ್ಸನ್ನೇ ಕೊಡಬಹುದು. ಸಂಗೀತ ಹರಿಯುವ ಸದ್ದು, ಹಾಗಾಗಿ ಇಲ್ಲಿ ಹಳೆಯ ಪದ್ಧತಿಯೇ ಚೆನ್ನಾಗಿ ನಡೆಯುತ್ತದೆ. `Attack` 400, `Release` 2000 ಮಿಲಿಸೆಕೆಂಡ್, ಇಳಿಕೆ 3 ಡಿಬಿಗಿಂತ ಜಾಸ್ತಿ ಬೇಡ. ಸಂಗೀತ ಬಂದಾಗ ರಸ್ತೆ ತುಸು ದೂರ ಸರಿದಂತೆ ಆಗಬೇಕು, ಮಾಯವಾಗಬಾರದು.

ಎಚ್ಚರಿಕೆಯ ಗುರುತುಗಳು: ಸಂಗೀತ ಉಸಿರಾಡುತ್ತಿದೆ ಅನ್ನಿಸಿದರೆ `Release` ಚಿಕ್ಕದಾಗಿದೆ ಅಥವಾ ತುಂಡುಗಳು ತೀರಾ ಹತ್ತಿರ ಇವೆ, ಪಕ್ಕದ ಎರಡನ್ನು ಸೇರಿಸಿ ಒಂದೇ ಉದ್ದ ತುಂಡು ಮಾಡಿ. ತಗ್ಗುವಾಗ ‘ಟಕ್’ ಅಂದರೆ `Attack` ಕಮ್ಮಿಯಾಗಿದೆ. ಕೀ ಇಲ್ಲದಿದ್ದಾಗಲೂ ಕೊಳಲು ಮೊದಲಿಗಿಂತ ಜೋರಾಗಿದ್ದರೆ `Auto make-up` ಆನ್ ಉಳಿದಿದೆ. 10 ಡಿಬಿ ಇಳಿಸಿದರೂ ಫೋಲಿ ಕೇಳುತ್ತಿಲ್ಲ ಅಂದರೆ ಅದು ಡಕಿಂಗಿನ ಸಮಸ್ಯೆ ಅಲ್ಲ, ಆ ಸದ್ದಿನ ರೆಕಾರ್ಡಿಂಗೇ ದುರ್ಬಲ. ಮತ್ತೆ ತೆಗೆಯಿರಿ.

## 7. ಕೈಯಿಂದಲೇ ಮಾಡಬೇಕಾದ ಜಾಗ

41ರಿಂದ 52ರವರೆಗಿನ ಮೌನವನ್ನು ಕಂಪ್ರೆಸರ್‌ಗೆ ಬಿಡಬೇಡಿ. ಅಲ್ಲಿ ಸಂಗೀತವೇ ಇಲ್ಲ, ಇರುವುದು ಹಾಸು ಮತ್ತು ದೂರದ ಮಕ್ಕಳು. ವಾಲ್ಯೂಮ್ ಎನ್ವಲಪ್ ತೆರೆದು ಹಾಸನ್ನು 43ರಿಂದ ಶುರು ಮಾಡಿ ಐದಾರು ಸೆಕೆಂಡಿನಲ್ಲಿ 10 ಡಿಬಿ ಇಳಿಸಿ. ಮಷೀನ್ ನಿಂತ ಕ್ಷಣದಲ್ಲೇ ಇಳಿಸಬೇಡಿ. ಮಷೀನ್ ನಿಂತಾಗ ಅದರ ಹಿಂದೆ ಅಡಗಿದ್ದ ರಸ್ತೆ ಮೊದಲು ಕೇಳಿಸಬೇಕು, ಹೊರಗೆ ಎಲ್ಲ ಎಂದಿನಂತಿದೆ ಅಂತ ಗೊತ್ತಾಗಬೇಕು, ಆಮೇಲೆ ಅದು ಅವನ ಕಿವಿಯಿಂದ ದೂರವಾಗಬೇಕು. ಆ ಎರಡು ಸೆಕೆಂಡ್ ಕೊಡದಿದ್ದರೆ ನೋಡುವವರು ಆಡಿಯೊ ಕಟ್ಟಾಗಿದೆ ಅಂದುಕೊಳ್ಳುತ್ತಾರೆ.

ಪೂರ್ತಿ ಸೊನ್ನೆಗೆ ಇಳಿಸುವ ಆಸೆ ಬರುತ್ತದೆ. ಬೇಡ. ಕೊಠಡಿಯ ಸದ್ದು ಒಂದು ಎಳೆ ಉಳಿದಿರಲಿ, ಅದರ ಮೇಲೇ ಗುಂಡಿ ಬೀಳಬೇಕು. ಗುಂಡಿಯ ಸದ್ದು ಸಣ್ಣದೇ ಇರಲಿ, ಅದನ್ನು ಜೋರು ಮಾಡುವ ಅಗತ್ಯವೇ ಇಲ್ಲ, ಸುತ್ತಲಿನದು 10 ಡಿಬಿ ಇಳಿದಿದೆಯಲ್ಲ. ಗುಂಡಿ ಉರುಳಿ ನಿಂತ ಮೇಲೆ ಹಾಸು ಮೇಲೆ ಬರಲು ಎಂಟು ಸೆಕೆಂಡಾದರೂ ತೆಗೆದುಕೊಳ್ಳಲಿ.

## 8. ಕೇಳಿ ನೋಡುವುದು, ಹೊರಗೆ ತೆಗೆಯುವುದು

ಮೊದಲು ಚಿತ್ರ ಮುಚ್ಚಿ ಬರೀ ಸದ್ದು ಕೇಳಿ. ಫ್ರಾಕ್ ಸಿಕ್ಕಿದ್ದು, ಮಷೀನ್ ನಿಂತದ್ದು, ಗುಂಡಿ ಬಿದ್ದದ್ದು ಕಿವಿಗೇ ತಿಳಿಯಬೇಕು. ಆಮೇಲೆ ಸಂಗೀತ ಮ್ಯೂಟ್ ಮಾಡಿ ಚಿತ್ರದ ಜೊತೆ ನೋಡಿ. ದೃಶ್ಯ ಕುಸಿದುಬಿದ್ದರೆ ಫೋಲಿಯ ಕೆಲಸ ಇನ್ನೂ ಬಾಕಿ ಇದೆ. ಕೊನೆಗೆ ಫೋನಿನ ಸ್ಪೀಕರ್‌ನಲ್ಲಿ ಹಾಕಿ. ಅಲ್ಲಿ ಹಾಸು ಕಳೆದುಹೋಗುವುದು ಸಹಜ, ಆದರೆ ಬಟ್ಟೆ ಮತ್ತು ಗುಂಡಿ ಕೇಳಲೇಬೇಕು.

ಲೌಡ್‌ನೆಸ್ ಅಳೆಯಲು:

```
ffmpeg -i mix.wav -af ebur128=peak=true -f null -
```

ಯೂಟ್ಯೂಬ್ ಜೋರಾದ ಫೈಲನ್ನು ಸುಮಾರು -14 `LUFS`ಗೆ ಇಳಿಸುತ್ತದೆ, ಮೆತ್ತಗಿನದನ್ನು ಏರಿಸುವುದಿಲ್ಲ. ಇಂಥ ಚಿತ್ರ -18ರಿಂದ -16ರ ನಡುವೆ ಇದ್ದರೆ ಸಾಕು, `True peak` -1 ದಾಟದಿರಲಿ. ಒಂದು ಮಾತು: ಈ ಅಳತೆ ತೀರಾ ಮೆತ್ತಗಿನ ಭಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಮ್ಮ ದೃಶ್ಯದ ಅಂಕಿಯನ್ನು ಬಹುಮಟ್ಟಿಗೆ ಮಷೀನ್ ಓಡುವ ಭಾಗವೇ ತೀರ್ಮಾನಿಸುತ್ತದೆ. ಅಂಕಿ ಕಮ್ಮಿ ಬಂತು ಅಂತ ಮಾಸ್ಟರ್ ಮೇಲೆ ಲಿಮಿಟರ್ ಹಾಕಿ ಒತ್ತಿದರೆ 41ರಿಂದ 52ರ ಮೌನ ಮೇಲೆದ್ದು ಬರುತ್ತದೆ, ಅಷ್ಟು ಹೊತ್ತು ಮಾಡಿದ ಕೆಲಸ ಅಲ್ಲೇ ಹೋಗುತ್ತದೆ. ಅದರ ಬದಲು ಮಷೀನಿನ ಟ್ರ್ಯಾಕನ್ನು ಒಂದೆರಡು ಡಿಬಿ ಏರಿಸಿ.

ಫೈಲ್ ಕೊಡುವಾಗ ಪೂರ್ತಿ ಮಿಕ್ಸ್ ಜೊತೆ ಫೋಲಿ, ಆಂಬಿಯನ್ಸ್, ಸಂಗೀತದ ಮೂರು ಸ್ಟೆಮ್‌ಗಳನ್ನೂ ಡಕಿಂಗ್ ಸಮೇತ ಹೊರಗೆ ತೆಗೆಯಿರಿ. ಸೋಲೊ ಒತ್ತಿ ತೆಗೆದರೆ ಕೀ ಟ್ರ್ಯಾಕ್ ಸದ್ದಡಗಿ ಡಕಿಂಗ್ ಬರದೇ ಹೋಗಬಹುದು, ಹಾಗಾಗಿ `Render` ಕಿಟಕಿಯಲ್ಲಿ ಸ್ಟೆಮ್ ಆಯ್ಕೆಯನ್ನೇ ಬಳಸಿ, ಬಂದ ಮೂರು ಫೈಲನ್ನು ಹೊಸ ಪ್ರಾಜೆಕ್ಟಿನಲ್ಲಿ ಒಟ್ಟಿಗೆ ಹಾಕಿ ಮಿಕ್ಸ್ ಜೊತೆ ಹೋಲಿಸಿ ನೋಡಿ. ಚಿತ್ರದ ಮೊದಲ ಫ್ರೇಮಿಗಿಂತ ಸರಿಯಾಗಿ 2 ಸೆಕೆಂಡ್ ಮುಂಚೆ, ಒಂದು ಫ್ರೇಮ್ ಉದ್ದದ 1 ಕಿಲೋಹರ್ಟ್ಸ್ ಬೀಪನ್ನು ನಾಲ್ಕೂ ಫೈಲ್‌ಗಳಲ್ಲಿ ಇಡಿ. ಎಡಿಟ್ ಮಾಡುವವರು ಅದನ್ನು ಕೂಡಿಸಿಯೇ ಸಿಂಕ್ ನೋಡಿಕೊಳ್ಳುತ್ತಾರೆ.